ಪದ ಬೇಕು: ಫೋಟೋದ ಮುಖಕ್ಕೆ ಯಕ್ಷಗಾನದ ಬಣ್ಣ, ಕಿರೀಟ (ಶುಕ್ರವಾರ ಅಚ್ಚಿಗೆ ಹೋಗುತ್ತದೆ)

ಸು., ಮೈಸೂರು

ಎಲ್ಲರಿಗೂ ನಮಸ್ಕಾರ. ಫೋಟೋ ತಿದ್ದುವುದನ್ನು ಕಲಿಸುವ ಒಂದು ಶಿಬಿರಕ್ಕೆ ನಾಲ್ಕು ಪುಟದ ಕೈಹಾಳೆ ಅನುವಾದ ಮಾಡುತ್ತಿದ್ದೇನೆ. ಹುಡುಗನೊಬ್ಬನ ಫೋಟೋ ಇದೆ. ಮುಖ ಸ್ವಲ್ಪ ಬಲಕ್ಕೆ ತಿರುಗಿದೆ, ಬೆಳಕು ಎಡಗಡೆಯ ಕಿಟಕಿಯಿಂದ ಬಂದಿದೆ. ಅವನಿಗೆ ತೆಂಕುತಿಟ್ಟಿನ ರಕ್ಕಸನ ಬಣ್ಣ ಬರೆದು ಕಿರೀಟ ಇಡಬೇಕು. ಹಾಳೆಯ ತಲೆಬರಹ "ಬಣ್ಣದ ವೇಷ ಹಾಕೋಣ".

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು, "ಬಣ್ಣವನ್ನು ಮುಖದ ಬಾಹ್ಯರೇಖೆಗೆ ಅನುಗುಣವಾಗಿ ಅಳವಡಿಸಿ" ಅಂತ ಬರೆದಿದ್ದೇನೆ, ನನಗೇ ಓದಲು ಆಗುತ್ತಿಲ್ಲ. ಎರಡು, ಕಿರೀಟವನ್ನು ಇರಿಸುವುದೋ, ತೊಡಿಸುವುದೋ? ಮೂರು, ಮೂಗಿನ ಪಕ್ಕ ಮುಖದ್ದೇ ಆದ ಮಬ್ಬು ಇರುತ್ತದಲ್ಲ, ಅದು ಬೇರೆ. ಕಿರೀಟದಿಂದ ಹಣೆ ಮೇಲೆ ಬೀಳುವ ನೆರಳು ಬೇರೆ. ಎರಡಕ್ಕೂ "ನೆರಳು" ಅಂದರೆ ಹುಡುಗರು ಗೊಂದಲ ಮಾಡಿಕೊಳ್ಳುತ್ತಾರೆ.

ನಾ., ಪುತ್ತೂರು

ತಲೆಬರಹ ಸರಿ ಇದೆ, ಅದೃಷ್ಟ ನಿಮ್ಮದು. ಬಣ್ಣ ಹಚ್ಚಿದ ವೇಷವೆಲ್ಲ ಬಣ್ಣದ ವೇಷ ಅಲ್ಲ ಮಾರಾಯ್ರೆ. ತೆಂಕಿನಲ್ಲಿ ಆ ಮಾತು ರಕ್ಕಸ ವೇಷಕ್ಕೇ ಮೀಸಲು. ಇದೇ ಹಾಳೆಯಲ್ಲಿ ಅರ್ಜುನನನ್ನೂ ತಂದರೆ ತಲೆಬರಹ ಬದಲಿಸಿ.

"ಬಾಹ್ಯರೇಖೆ" ತಪ್ಪು. ಅದು ಮುಖದ ಅಂಚು. ನಿಮಗೆ ಬೇಕಾದ್ದು ಕೆನ್ನೆಯ ಉಬ್ಬು, ಕಣ್ಣಿನ ಕುಳಿ. "ಏರುತಗ್ಗು" ಅನ್ನಿ, ಮುಗಿಯಿತು.

ಕಿರೀಟ ಇರಿಸುವುದೂ ಅಲ್ಲ, ತೊಡಿಸುವುದೂ ಅಲ್ಲ. ವೇಷ ಸಿದ್ಧವಾಗುವ ಚೌಕಿಯಲ್ಲಿ ಕಿರೀಟ ಕಟ್ಟುತ್ತಾರೆ. ತಲೆಗೆ ಮೊದಲು ಬಟ್ಟೆ ಬಿಗಿಯಬೇಕು, ಕೂದಲು ಪೂರ್ತಿ ಮುಚ್ಚಬೇಕು, ಅದರ ಮೇಲೆ ಕಿರೀಟ ಬಂದು ಹಗ್ಗ ಬಿಗಿಯಾಗಬೇಕು. ಹಾಗೇ ಬಣ್ಣ "ಅಳವಡಿಸುವುದು" ಇಲ್ಲ. ಹಚ್ಚುವುದು ಬೇರೆ, ಬರೆಯುವುದು ಬೇರೆ, ಇಡುವುದು ಬೇರೆ. ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣವನ್ನು ಮುಖಕ್ಕೆ ಹಚ್ಚುತ್ತಾರೆ. ಕಣ್ಣು, ಹುಬ್ಬು, ನಾಮ ಬರೆಯುತ್ತಾರೆ. ಅಕ್ಕಿಹಿಟ್ಟು ಸುಣ್ಣದ ಚುಟ್ಟಿಯನ್ನು ಕಡ್ಡಿಯಲ್ಲಿ ಒಂದೊಂದೇ ಚುಕ್ಕಿಯಾಗಿ ಇಡುತ್ತಾರೆ, ಗಂಟೆಗಟ್ಟಲೆ. ಮೂರಕ್ಕೂ ಒಂದೇ ಕ್ರಿಯಾಪದ ಹಾಕಿದರೆ ಆ ಹಾಳೆ ಬರೆದವರು ಚೌಕಿ ನೋಡಿಲ್ಲ ಅಂತ ಗೊತ್ತಾಗುತ್ತದೆ.

ಕೆ., ಬೆಂಗಳೂರು

"ಕಿರೀಟ" ಸಂಸ್ಕೃತದ್ದು. ನಮ್ಮದೇ "ಮುಡಿ" ಇರುವಾಗ ಎರವಲು ಯಾಕೆ? "ಮುಡಿ ಕಟ್ಟಿ" ಅನ್ನಿ, ಎಷ್ಟು ಚೆಂದ.

ನೆರಳಿಗೆ: ಮುಖದ್ದೇ ಆದದ್ದು "ಮೈನೆರಳು", ಇನ್ನೊಂದರದ್ದು ಬಂದು ಬಿದ್ದದ್ದು "ಬೀಳುನೆರಳು".

ಇನ್ನು ಚುಟ್ಟಿ. ಇದು "ಸುಟ್ಟ" ಎಂಬುದರಿಂದ ಬಂದದ್ದು. ಸುಣ್ಣ ಸುಟ್ಟೇ ಮಾಡುವುದಲ್ಲವೇ? ಸಕಾರ ಚಕಾರವಾಗುವುದು ಹೊಸದೇನೂ ಅಲ್ಲ.

ನಾ., ಪುತ್ತೂರು

ನಮ್ಮಲ್ಲಿ ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆ. ರಾವಣನ ತಲೆಗೆ ಅಕ್ಕಿ ಮುಡಿ ಕಟ್ಟಿಸಬೇಡಿ. ತೆಯ್ಯಂನಲ್ಲಿ ಮುಡಿ ಇದೆ, ಅದು ಬೇರೆ ಕಲೆ. ಆಟದವರು ತಲೆತಲಾಂತರದಿಂದ ಕಿರೀಟ ಅನ್ನುತ್ತಿದ್ದಾರೆ, ಅವರ ಬಾಯಿಂದ ಅದನ್ನು ಕಸಿಯಲು ನಾವು ಯಾರು?

ಚುಟ್ಟಿ, ಸುಟ್ಟ: ಇಲ್ಲ.

ಕೆ., ಬೆಂಗಳೂರು

"ಇಲ್ಲ" ಎನ್ನುವುದು ವಾದವಲ್ಲ.

ರಾ., ಶಿರಸಿ

ನಾನು ಸ್ಟುಡಿಯೋದವನು. ಪದದ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಆದರೆ ಹೋದ ವರ್ಷ ಇದೇ ಕೆಲಸ ಮಾಡಿ ಸೋತಿದ್ದೆ, ಅದನ್ನು ಹೇಳುತ್ತೇನೆ. ನಮ್ಮ ಕಡೆ ಯಕ್ಷಗಾನ ಅಂದರೆ ಬಡಗುತಿಟ್ಟು. ಗಿರಾಕಿಗೆ ಮಾತ್ರ ತೆಂಕಿನ ರಕ್ಕಸನೇ ಬೇಕಿತ್ತು.

ಕೆಂಪು, ಕಪ್ಪು ಎಲ್ಲ ಬೇರೆ ಲೇಯರ್‌ನಲ್ಲಿ ಬರೆದು `Multiply` ಹಾಕಿದೆ. ಚೆನ್ನಾಗಿ ಬಂತು. ಕೆಳಗಿನ ಚರ್ಮದ ನೆರಳು ಬಣ್ಣದೊಳಗೆ ಇಳಿಯಿತು. ಅದೇ ಧೈರ್ಯದಲ್ಲಿ ಚುಟ್ಟಿಯ ಬಿಳಿ ಚುಕ್ಕಿಗಳನ್ನೂ ಅದೇ ಲೇಯರ್‌ನಲ್ಲಿ ಇಟ್ಟೆ. ಒಂದೂ ಕಾಣಿಸಲಿಲ್ಲ! `Multiply` ಕಪ್ಪಾಗಿಸುತ್ತದೆ ಅಷ್ಟೇ, ಬಿಳಿ ಅದಕ್ಕೆ ಇದ್ದೂ ಇಲ್ಲದ ಹಾಗೆ. ಕೊನೆಗೆ ಬಿಳಿಯನ್ನು `Normal`ನಲ್ಲಿ ಇಟ್ಟೆ. ಮೂಲ ಮುಖದ ಒಂದು ನಕಲು ಮಾಡಿ, ಅದನ್ನು ಕಪ್ಪು ಬಿಳುಪು ಮಾಡಿ, ಬಿಳಿ ಚುಕ್ಕಿ ಇದ್ದಷ್ಟು ಜಾಗಕ್ಕೆ ಮಾತ್ರ ಅದರ ಮೇಲೆ `Multiply` ಹಾಕಿದೆ. ಆ ನಕಲನ್ನು ಮೊದಲು ಬೆಳ್ಳಗೆ ಮಾಡಿಕೊಳ್ಳಬೇಕು, ಕೆನ್ನೆಯ ತುಂಬ ಬೆಳಕಿರುವ ಜಾಗ ಹೆಚ್ಚೂಕಡಿಮೆ ಬಿಳಿಯಾಗುವಷ್ಟು. ಇಲ್ಲದಿದ್ದರೆ ಬೆಳಕಿನ ಕಡೆಯ ಚುಕ್ಕಿಯೂ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಆಮೇಲೂ ಏನೋ ಸರಿ ಇರಲಿಲ್ಲ. ಅಂಗಡಿಯ ಹುಡುಗ ನೋಡಿ, "ಅಣ್ಣಾ, ಬಣ್ಣ ಮುಖಕ್ಕೆ ಕೂತಿಲ್ಲ, ಮೇಲೆ ತೇಲ್ತಾ ಇದೆ" ಅಂದ. ನೋಡಿದರೆ ಚುಕ್ಕಿಗಳ ಸಾಲು ಎರಡೂ ಕೆನ್ನೆಯಲ್ಲಿ ಒಂದೇ ಅಂತರದಲ್ಲಿತ್ತು. ಮುಖ ತಿರುಗಿದ್ದಾಗ ದೂರದ ಕೆನ್ನೆಯಲ್ಲಿ ಚುಕ್ಕಿಗಳು ಒತ್ತೊತ್ತಾಗಬೇಕು, ದುಂಡಗಿನದು ಉದ್ದುದ್ದ ಆಗಬೇಕು. ನಾಮವನ್ನೂ ಸ್ಕೇಲ್ ಇಟ್ಟ ಹಾಗೆ ಎಳೆದಿದ್ದೆ. ಹಣೆಯಿಂದ ಮೂಗಿಗೆ ಇಳಿಯುವಲ್ಲಿ ಒಂದು ತಗ್ಗು ಇದೆಯಲ್ಲ, ಅಲ್ಲಿ ಗೆರೆ ಬಳುಕಬೇಕು. `Warp`ನಲ್ಲಿ ಸ್ವಲ್ಪ ಎಳೆದ ಮೇಲೆ ಕೂತಿತು. ಇನ್ನೊಂದು: ಚುಟ್ಟಿ ಚರ್ಮದಿಂದ ಎದ್ದಿರುತ್ತದೆ. ಬೆಳಕು ಎಡದಿಂದ ಬಂದರೆ ಪ್ರತಿ ಚುಕ್ಕಿಯ ಬಲಕ್ಕೆ ಕೂದಲೆಳೆಯಷ್ಟು ನೆರಳು ಬೇಕು. ಅದಿಲ್ಲದೆ ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತದೆ.

ಕಿರೀಟದ ನೆರಳಿಗೆ ಅಪ್ಪಟ ಕಪ್ಪು ಬೇಡ. ಹಣೆಗೆ ಹಚ್ಚಿದ ಬಣ್ಣವನ್ನೇ ಗಾಢ ಮಾಡಿ ಬಳಸಿ. ಕಿರೀಟದ ಅಂಚಿಗೆ ತಾಗಿದಲ್ಲಿ ಗೆರೆ ಚೂಪಾಗಿರಲಿ, ಕೆಳಗಿಳಿದಂತೆ ಮಸುಕಾಗಲಿ. ಕಿರೀಟದ ಅಡಿಗೆರೆಯೂ ನೇರ ಇರಬಾರದು, ತಲೆಯನ್ನು ಸುತ್ತಿದಂತೆ ಬಾಗಿರಬೇಕು.

ಸು., ಮೈಸೂರು

ರಾ. ಅವರೇ, ಪದ ಗೊತ್ತಿಲ್ಲ ಅಂತ ಹೇಳುತ್ತಲೇ ಪದ ಕೊಟ್ಟುಬಿಟ್ಟಿರಿ. "ಕೂರಿಸು"! ಬಣ್ಣ ಮುಖಕ್ಕೆ ಕೂರಬೇಕು, ಕೂರದಿದ್ದರೆ ತೇಲುತ್ತದೆ. ಇದೇ ಬೇಕಿತ್ತು.

ವಿ., ಧಾರವಾಡ

"ಕೂರಿಸು" ಗ್ರಾಮ್ಯ. ಅಚ್ಚಿನಲ್ಲಿ "ಕುಳ್ಳಿರಿಸು" ಬೇಕು. ನಮ್ಮ ಕಡೆ "ಕೂಡಿಸು" ಅಂತೇವಿ. ಅಲ್ಲದೆ ಹಾಳೆಯಲ್ಲಿ ಲೇಯರ್, ಫೋಟೋ, ಸ್ಕೇಲ್ ಎಲ್ಲ ಇಂಗ್ಲಿಷ್ ಇರುವಾಗ ಕಿರೀಟದ ಮೇಲೆ ಮಾತ್ರ ಯಾಕೆ ಜಗಳ?

ನಾ., ಪುತ್ತೂರು

ಬಣ್ಣವನ್ನು "ಕುಳ್ಳಿರಿಸಿ" ಅಂದರೆ ಅದಕ್ಕೆ ಮಣೆ ಹಾಕಬೇಕಾಗುತ್ತದೆ. "ಕೂಡಿಸು" ಅಂದರೆ ನಮ್ಮ ಹುಡುಗರು ಲೆಕ್ಕ ಮಾಡಲು ಕೂರುತ್ತಾರೆ. ಕೂರಿಸು ಸಾಕು.

ಕೆ., ಬೆಂಗಳೂರು

ಲೇಯರ್‌ಗೆ "ಪದರ" ಇದೆ. ವಿ. ಅವರ ಪ್ರಶ್ನೆಗೆ ಉತ್ತರ: ಎರಡೂ ಎರವಲೇ, ಎರಡನ್ನೂ ಬಿಡಬೇಕು.

ರಾ., ಶಿರಸಿ

ಪದರ ಅಂತ ಬರೆದರೆ ಹುಡುಗರು ಪರದೆ ಮೇಲೆ ಅದನ್ನು ಎಲ್ಲಿ ಹುಡುಕಬೇಕು ಸ್ವಾಮಿ? ಅಲ್ಲಿ ಇರುವುದು `Layers` ಅಂತ.

ಸು., ಮೈಸೂರು

ಅಚ್ಚಿಗೆ ಕಳಿಸಿದ್ದು ಹೀಗಿದೆ:

"ಬಣ್ಣ ಹಚ್ಚಿ, ಕಣ್ಣು ಹುಬ್ಬು ಬರೆಯಿರಿ. ಚುಟ್ಟಿಯನ್ನು ಬೇರೆ ಲೇಯರ್‌ನಲ್ಲಿ ಇಡಿ. ಎಲ್ಲವನ್ನೂ ಮುಖದ ಏರುತಗ್ಗಿಗೆ ಕೂರಿಸಿ. ಮೈನೆರಳು ಅಳಿಸಬೇಡಿ. ಕೂದಲು ಮುಚ್ಚಿ ಕಿರೀಟ ಕಟ್ಟಿ, ಆಮೇಲೆ ಹಣೆಗೆ ಬೀಳುನೆರಳು ಹಾಕಿ."

ಕೆ. ಅವರೇ, ನೆರಳಿನ ಎರಡೂ ಪದ ನಿಮ್ಮವೇ. ಮುಡಿ ಬಿಟ್ಟಿದ್ದೇನೆ, ಬೇಸರ ಬೇಡ.

ಕೆ., ಬೆಂಗಳೂರು

ಬೇಸರ ಇದೆ. ಚುಟ್ಟಿಯ ಬಗ್ಗೆ ಇನ್ನೂ ಯಾರೂ ಉತ್ತರಿಸಿಲ್ಲ.