ಟಿ-ಸ್ಕೋರ್ −2.2: ಇದನ್ನು ‘ಮೂಳೆ ಸವೆತದ ಪ್ರಮಾಣ’ ಅನ್ನಬಹುದೇ?

ವಸುಧಾ:
ಎಲ್ಲರಿಗೂ ನಮಸ್ಕಾರ. ವಯಸ್ಸಾದ ಹೆಂಗಸರಿಗಾಗಿ ಬರೆದ ಒಂದು ಆರೋಗ್ಯ ಕೈಪಿಡಿಯ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ಹೀಗೊಂದು ಸಾಲಿದೆ: “71 ವರ್ಷದ ಮಹಿಳೆ. ತೊಡೆಮೂಳೆಯ ಕತ್ತಿನಲ್ಲಿ ಮೂಳೆ ಸವೆತದ ಪ್ರಮಾಣ −2.2, ಬೆನ್ನುಮೂಳೆಯಲ್ಲಿ −1.5. ಇನ್ನೂ −2.5 ಆಗಿಲ್ಲವಾದ್ದರಿಂದ ಮೂಳೆ ಮುರಿಯುವ ಭಯವಿಲ್ಲ.” ಮೂಲದಲ್ಲಿ ಇರುವುದು ಟಿ-ಸ್ಕೋರ್ ಎಂಬ ಮಾತು. ‘ಸವೆತದ ಪ್ರಮಾಣ’ ಸರಿಯೇ? ಆ ಮೈನಸ್ ಏನು ಹೇಳುತ್ತದೆ? ಕೊನೆಯ ವಾಕ್ಯವೂ ನನಗೆ ಯಾಕೋ ಸರಿ ಕಾಣುತ್ತಿಲ್ಲ.

ನಾಗೇಶ್:
ವಸುಧಾ ಅವರೇ, ಮೈನಸ್ ಅಂದರೆ ಕಳೆದುಹೋದದ್ದು. ಒಂದು ಅಂಕಕ್ಕೆ ಶೇಕಡಾ 10 ಅಂತ ಲೆಕ್ಕ. −2.2 ಅಂದರೆ ಆ ತಾಯಿಯ ಮೂಳೆ ಶೇಕಡಾ 22 ಹೋಗಿದೆ. ಹಾಗಾಗಿ ‘ಸವೆತ’ ಸರಿಯಾಗಿಯೇ ಇದೆ. −2.5 ದಾಟಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ದುರ್ಬಲವಾಗುವ ಕಾಯಿಲೆ, ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 1994ರಲ್ಲಿ ಹೇಳಿದೆ.

ಸರೋಜಮ್ಮ:
ಮೂಳೆ ಸವೆತ ನನಗೂ ಇದೆ. ಎರಡೂ ಮಂಡಿ ಸವೆದಿವೆ, ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತದೆ. ಎಕ್ಸ್‌ರೇ ನೋಡಿ ಡಾಕ್ಟರು ಸವೆತ ಅಂದರೇ ಹೊರತು ಇಂಥ ಮೈನಸ್ ಸಂಖ್ಯೆ ಏನೂ ಹೇಳಲಿಲ್ಲ. ನಾನೂ ಕೇಳಿ ತಿಳಿದುಕೊಳ್ಳಬೇಕಿತ್ತಾ?

ಪ್ರಭಾಕರ್:
ನಾನು ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರದ ಮುಂದೆ ಕೂತು ಕೆಲಸ ಮಾಡುವವನು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸರೋಜಮ್ಮನವರೇ, ನಿಮ್ಮದು ಬೇರೆ ತೊಂದರೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ. ಅದು ನೋಯುತ್ತದೆ. ಇಲ್ಲಿ ಮಾತಾಡುತ್ತಿರುವುದು ಮೂಳೆಯ ಒಳಗಿನ ಖನಿಜ ಕಮ್ಮಿಯಾಗಿ ಅದು ದುರ್ಬಲವಾಗುವ ಬಗ್ಗೆ. ಮುರಿಯುವ ತನಕ ಅದು ನೋಯುವುದೇ ಇಲ್ಲ. ಆದರೆ ಎರಡಕ್ಕೂ ನಾವು ‘ಸವೆತ’ ಅನ್ನುತ್ತೇವೆ ಅಲ್ವಾ, ಅದಕ್ಕೇ ಕೈಪಿಡಿಯಲ್ಲಿ ಆ ಮಾತು ಬೇಡ ಅನ್ನುತ್ತೇನೆ. ನಿಮಗೆ ಮಂಡಿ ನೋವಿದೆ ಎಂಬುದರಿಂದ ಮೂಳೆ ಗಟ್ಟಿಯೋ ಅಲ್ಲವೋ ಗೊತ್ತಾಗುವುದಿಲ್ಲ. 65 ದಾಟಿದ ಹೆಂಗಸರು ಡೆಕ್ಸಾ ಒಮ್ಮೆ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳುವುದು ಒಳ್ಳೆಯದೇ.

ಈಗ ಮೈನಸ್. ಟಿ-ಸ್ಕೋರ್ ಒಂದು ದೂರ. ಇಪ್ಪತ್ತರಿಂದ ಇಪ್ಪತ್ತೊಂಬತ್ತರ ವಯಸ್ಸಿನ ಆರೋಗ್ಯವಂತ ಹೆಣ್ಣುಮಕ್ಕಳ ಸರಾಸರಿಗಿಂತ ಇವರು ಎಷ್ಟು ಕೆಳಗಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ತೊಡೆಮೂಳೆಯ ಕತ್ತಿಗೆ ಹೆಚ್ಚಾಗಿ ಬಳಸುವ ಸರಾಸರಿ ಒಂದು ಚದರ ಸೆಂಟಿಮೀಟರಿಗೆ 0.858 ಗ್ರಾಂ ಖನಿಜ. ಆ ಹುಡುಗಿಯರೆಲ್ಲ ಒಂದೇ ಥರ ಇರುವುದಿಲ್ಲ. ಅವರ ಅಳತೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತವೆ ಎಂಬ ಲೆಕ್ಕ, ಅಂದರೆ ಮಾನಕ ವಿಚಲನೆ, 0.120. ಟಿ-ಸ್ಕೋರಿನ ಒಂದು ಅಂಕ ಅಂದರೆ ಇಷ್ಟು ದೂರ. ಕೈಪಿಡಿಯ ಮಹಿಳೆಯದು 0.594 ಬಂದಿತ್ತು ಅಂತ ಇಟ್ಟುಕೊಳ್ಳಿ:

```
(0.594 − 0.858) ÷ 0.120 = −2.2
```

ನಾಗೇಶ್ ಅವರೇ, −2.5ರ ವಿಷಯ ನೀವು ಹೇಳಿದ್ದು ಸರಿ. ಶೇಕಡಾವಾರು ಲೆಕ್ಕ ಮಾತ್ರ ಕೂಡುವುದಿಲ್ಲ. 0.594 ಎಂಬುದು 0.858ಕ್ಕಿಂತ ಸುಮಾರು ಶೇಕಡಾ 31 ಕಮ್ಮಿ, 22 ಅಲ್ಲ. ಇನ್ನೊಂದು ಮಾತು: ಕಮ್ಮಿ ಇದೆ ಅಂದ ಮಾತ್ರಕ್ಕೆ ಅಷ್ಟೂ ‘ಹೋಗಿದೆ’ ಅಂತ ಅಲ್ಲ. ಆಕೆ ಇಪ್ಪತ್ತೈದರಲ್ಲೇ ಸರಾಸರಿಗಿಂತ ಕೆಳಗಿದ್ದಿರಬಹುದು. ಒಂದೇ ಒಂದು ಸ್ಕ್ಯಾನ್ ನೋಡಿ ಎಷ್ಟು ಕಳೆದುಕೊಂಡರು ಅಂತ ಹೇಳಲಾಗದು.

ವಸುಧಾ:
ಇದು ತುಂಬಾ ಸಹಾಯವಾಯಿತು. ಹಾಗಾದರೆ ‘ಭಯವಿಲ್ಲ’ ಅನ್ನೋ ವಾಕ್ಯ? ಗೆರೆ −2.5ರಲ್ಲೇ ಇದೆಯಲ್ಲ?

ಪ್ರಭಾಕರ್:
ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಅದೇ ವಾಕ್ಯ. −2.5 ಕಾಯಿಲೆಗೆ ಹೆಸರಿಡಲು ಎಳೆದ ಗೆರೆ. −2.4ರಲ್ಲಿ ಗಟ್ಟಿ ಇದ್ದ ಮೂಳೆ −2.5ರಲ್ಲಿ ಫಟ್ ಅಂತ ಮುರಿಯುವುದಿಲ್ಲ. ಒಂದು ಅಂಕ ಇಳಿದಾಗಲೆಲ್ಲ ಮುರಿತದ ಅಪಾಯ ಸುಮಾರು ಒಂದೂವರೆ, ಎರಡು ಪಟ್ಟಾಗುತ್ತ ಹೋಗುತ್ತದೆ. ಸೊಂಟದ ಭಾಗದ ಮುರಿತಕ್ಕೆ ಅಲ್ಲಿನದೇ ಅಳತೆ ಹಿಡಿದರೆ ಇನ್ನೂ ಜಾಸ್ತಿ, ಎರಡೂವರೆ ಪಟ್ಟಿನ ಆಸುಪಾಸು. −2.5ಕ್ಕಿಂತ ಮೇಲಿರುವ ಹೆಂಗಸರ ಸಂಖ್ಯೆಯೇ ದೊಡ್ಡದು. ಹಾಗಾಗಿ ಒಟ್ಟು ಮುರಿತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗುವುದು ಅವರಲ್ಲೇ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಅದೇ −2.2 ಇರುವ 52ರ ಮಹಿಳೆಗೂ 71ರ ಮಹಿಳೆಗೂ ಮುಂದಿನ ಹತ್ತು ವರ್ಷದ ಅಪಾಯ ಒಂದೇ ಅಲ್ಲ, ಹಿರಿಯರಿಗೆ ಎಷ್ಟೋ ಹೆಚ್ಚು. ಮೊದಲು ಮಣಿಕಟ್ಟು ಮುರಿದುಕೊಂಡಿದ್ದರೆ, ತಾಯಿಗೋ ತಂದೆಗೋ ಸೊಂಟದ ಮೂಳೆ ಮುರಿದಿದ್ದರೆ, ಸ್ಟೆರಾಯ್ಡ್ ಮಾತ್ರೆ ತಿನ್ನುತ್ತಿದ್ದರೆ ಇನ್ನೂ ಏರುತ್ತದೆ. ಇವನ್ನೆಲ್ಲ ಸೇರಿಸಿ ಲೆಕ್ಕ ಹಾಕಲು ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಫ್ರಾಕ್ಸ್ ಎಂಬ ಸಾಧನ ತಂದರು. ಅದು ತೊಡೆಮೂಳೆಯ ಕತ್ತಿನ ಅಳತೆಯನ್ನು ತೆಗೆದುಕೊಳ್ಳುತ್ತದೆ, ಬೆನ್ನಿನದನ್ನಲ್ಲ. ಪದೇ ಪದೇ ಬೀಳುವವರ ಬಗ್ಗೆ ಮಾತ್ರ ಅದು ಕೇಳುವುದಿಲ್ಲ. ಅಂಥವರ ಅಪಾಯ ಅದು ತೋರಿಸುವುದಕ್ಕಿಂತ ಹೆಚ್ಚೇ ಇರುತ್ತದೆ.

ನಾಗೇಶ್:
ಒಪ್ಪಿದೆ. ಆದರೂ ಬೆನ್ನುಮೂಳೆ −1.5 ಇದೆಯಲ್ಲ. ಅಷ್ಟಾದರೂ ಸಮಾಧಾನ ಅಲ್ವಾ?

ಪ್ರಭಾಕರ್:
ಅಲ್ಲೇ ಮೋಸ ಹೋಗುವುದು. 71ರ ವಯಸ್ಸಿನಲ್ಲಿ ಬೆನ್ನಿನ ಸಂಖ್ಯೆ ಚೆನ್ನಾಗಿದೆ ಅಂದರೆ ನಾನು ಮೊದಲು ಚಿತ್ರವನ್ನೇ ನೋಡುತ್ತೇನೆ. ವರದಿಯಲ್ಲಿ ಬರುವ −1.5 ಬೆನ್ನಿನ ಕೆಳಭಾಗದ ನಾಲ್ಕು ಬಿಡಿ ಮೂಳೆಗಳನ್ನು, ಅಂದರೆ L1ರಿಂದ L4ರವರೆಗಿನ ಕಶೇರುಕಗಳನ್ನು, ಕೂಡಿಸಿದ್ದು. ಬಿಡಿಸಿ ನೋಡಿದರೆ ಇಂಥದ್ದು ಸಿಗಬಹುದು:

```
L1  −2.4
L2  −2.2
L3  +0.3
L4  −1.9
```

L3 ಒಂದೇ ಹೀಗೆ ಎದ್ದು ನಿಂತಿದೆ. ಅದು ಗಟ್ಟಿ ಇದೆ ಅಂತ ಅಲ್ಲ, ಕುಸಿದಿರಬಹುದು. ಕುಸಿದಾಗ ಅಷ್ಟೇ ಖನಿಜ ಕಮ್ಮಿ ಜಾಗದಲ್ಲಿ ಒತ್ತಿಕೊಳ್ಳುತ್ತದೆ. ಯಂತ್ರ ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಅಂತ ಮಾತ್ರ ಎಣಿಸುತ್ತದೆ, ಹಾಗಾಗಿ ಸಂಖ್ಯೆ ಏರುತ್ತದೆ. ವಯಸ್ಸಿನಿಂದ ಅಂಚಿನಲ್ಲಿ ಬೆಳೆದ ಮೂಳೆಮುಳ್ಳೂ ಇದೇ ಕೆಲಸ ಮಾಡುತ್ತದೆ. ಪಕ್ಕದವುಗಳಿಗಿಂತ ಒಂದು ಅಂಕಕ್ಕೂ ಹೆಚ್ಚು ವ್ಯತ್ಯಾಸ ಇದ್ದರೆ ಅದನ್ನು ಬಿಟ್ಟು ಲೆಕ್ಕ ಹಾಕುವುದು ರೂಢಿ. ಇಲ್ಲಿ L3 ಬಿಟ್ಟರೆ ಬೆನ್ನೂ −2.2ರ ಹತ್ತಿರ ಬಂತು. ಆಮೇಲೆ ಪಕ್ಕದಿಂದ ಎಕ್ಸ್‌ರೇ ತೆಗೆಸಬೇಕು. ಬೀಳದೆ ಏನಿಲ್ಲದೆ ಕಶೇರುಕ ಕುಸಿದಿದ್ದರೆ, ಬೇರೆ ಕಾರಣ ಇಲ್ಲದಿದ್ದರೆ, ಟಿ-ಸ್ಕೋರ್ ಎಷ್ಟೇ ಇರಲಿ ಅದನ್ನು ಆಸ್ಟಿಯೋಪೊರೋಸಿಸ್ ಅಂತಲೇ ಹಿಡಿಯುತ್ತಾರೆ. ಆಕೆಯ ಎತ್ತರ ಕಮ್ಮಿಯಾಗಿದೆಯಾ ಅಂತ ಕೈಪಿಡಿಯಲ್ಲಿ ಎಲ್ಲಾದರೂ ಇದೆಯೇ?

ವಸುಧಾ:
ಇದೆ! ಎರಡು ಪುಟ ಮುಂದೆ, ‘ನಾಲ್ಕು ಸೆಂಟಿಮೀಟರ್ ಗಿಡ್ಡವಾದರು’ ಅಂತ ಸುಮ್ನೆ ಬಂದು ಹೋಗುತ್ತದೆ.

ಪ್ರಭಾಕರ್:
ಹಾಗಿದ್ದರೆ ಅದನ್ನು ಈ ಸಾಲಿನ ಪಕ್ಕಕ್ಕೇ ತನ್ನಿ ಮೇಡಂ. ಎಕ್ಸ್‌ರೇ ಬೇಕು ಅನ್ನುವುದಕ್ಕೆ ಅದೊಂದೇ ಸಾಕು.

ಸರೋಜಮ್ಮ:
ನಾನೂ ಗಿಡ್ಡವಾಗಿದ್ದೇನೆ ಅಂತ ಮಗಳು ಹೇಳುತ್ತಿರುತ್ತಾಳೆ. ವಯಸ್ಸಾಯಿತಲ್ಲ ಅಂತ ಬಿಟ್ಟಿದ್ದೆ. ಈ ಸಲ ಡಾಕ್ಟರ ಹತ್ತಿರ ಕೇಳುತ್ತೇನೆ.

ವಸುಧಾ:
ತಿದ್ದಿದ ಸಾಲು ಹೀಗಿದೆ: “ತೊಡೆಮೂಳೆಯ ಕತ್ತಿನ ಟಿ-ಸ್ಕೋರ್ −2.2. ಅಂದರೆ ಮೂಳೆಯ ಸಾಂದ್ರತೆ ಯುವತಿಯರ ಸರಾಸರಿಗಿಂತ ಸಾಕಷ್ಟು ಕೆಳಗಿದೆ. 71ರ ವಯಸ್ಸಿನಲ್ಲಿ, ಎತ್ತರವೂ ಕುಗ್ಗಿರುವಾಗ, ಮುರಿತದ ಅಪಾಯ ಕಡೆಗಣಿಸುವಂಥದ್ದಲ್ಲ.” ಉಳಿದದ್ದು −1ರಿಂದ −2.5ರ ನಡುವಿನ ಸ್ಥಿತಿ. ಕರಡಿನಲ್ಲಿ ‘ಆಸ್ಟಿಯೋಪೀನಿಯಾ ಎಂಬ ಕಾಯಿಲೆ’ ಅಂತಿದೆ.

ನಾಗೇಶ್:
‘ಕಾಯಿಲೆ’ ಅಂದರೆ ಓದಿದವರು ಸುಮ್ಮನೆ ಹೆದರುತ್ತಾರೆ. ‘ಮೂಳೆ ಸಾಂದ್ರತೆ ಕಮ್ಮಿ’ ಸಾಕು.

ಪ್ರಭಾಕರ್:
50ರ ಹೆಂಗಸಿಗೆ ಸಾಕು. ಈ 71ರ ತಾಯಿಗೆ ಅಷ್ಟೇ ಅಂದರೆ ಆಕೆ ವರದಿ ಮಡಚಿಟ್ಟುಬಿಡುತ್ತಾರೆ. ಇಬ್ಬರಿಗೂ ಹೊಂದುವ ಒಂದು ಮಾತು ನನಗಂತೂ ಹೊಳೆದಿಲ್ಲ. ಯಾರಿಗಾದರೂ ಹೊಳೆದರೆ ಬರೆಯಿರಿ.