ಸಹಾಯ ಬೇಕು: ಎರಡು ವರ್ಷದ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಏನು ಬಿಡಲಿ, ಏನು ಉಳಿಸಲಿ?

ಎಲ್ಲರಿಗೂ ನಮಸ್ಕಾರ. ನಾವು ಬ್ಯಾಡಗಿಯವರು. ಮನೆಯಲ್ಲೇ ಖಾರದ ಪುಡಿ ಮಾಡಿ ಮಾರುತ್ತೇವೆ. ನಮ್ಮ ಬಿಸಿನೆಸ್ ಖಾತೆಗೆ ಎರಡು ವರ್ಷ ಆಯಿತು. ಫಾಲೋವರ್ಸ್ 1,140ಕ್ಕೆ ಬಂದು ಎಂಟು ತಿಂಗಳಿಂದ ಅಲ್ಲೇ ನಿಂತಿದೆ.

ಹೋದ ವಾರ ಇನ್‌ಸೈಟ್ಸ್ ತೆಗೆದು, 90 ದಿನದ 36 ಪೋಸ್ಟ್‌ಗಳನ್ನು ಒಂದೊಂದಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಲೈಕ್ ಲೆಕ್ಕ ಬಿಟ್ಟೆ. ಫಾಲೋವರ್ಸ್ ಅಲ್ಲದವರು ಎಷ್ಟು ಜನ ನೋಡಿದರು, ಎಷ್ಟು ಜನ ಸೇವ್ ಮಾಡಿದರು, ಎಷ್ಟು ಮೆಸೇಜ್ ಬಂತು, ಇಷ್ಟೇ ನೋಡಿದೆ.

17 ಪೋಸ್ಟ್ ಬರೀ ಹಬ್ಬದ ಶುಭಾಶಯ. ಲೈಕ್ ಜಾಸ್ತಿ, ಆದರೆ ಎಲ್ಲ ನೆಂಟರದ್ದೇ. ಮೆಸೇಜ್ ಒಂದೂ ಇಲ್ಲ. ಇವನ್ನು ನಿಲ್ಲಿಸುತ್ತೇನೆ.

ಅಮ್ಮ ತೊಟ್ಟು ಬಿಡಿಸುತ್ತಾ ಡಬ್ಬಿ ಕಾಯಿ ಯಾವುದು, ಕಡ್ಡಿ ಕಾಯಿ ಯಾವುದು ಅಂತ ತೋರಿಸುವ ನಾಲ್ಕು ರೀಲ್ಸ್ ಇವೆ. ನೋಡಿದವರಲ್ಲಿ ಮುಕ್ಕಾಲು ಪಾಲು ಹೊಸಬರು. 11 ಮೆಸೇಜ್ ಬಂದವು, ಎಲ್ಲರೂ ಕೇಳಿದ್ದು ರೇಟು. ನಾವು ರೇಟನ್ನು ಎಲ್ಲೂ ಹಾಕಿಯೇ ಇರಲಿಲ್ಲ! ನಾನು ಉತ್ತರ ಕೊಡುವಷ್ಟರಲ್ಲಿ ಏಳು ಜನ ಸುಮ್ಮನಾದರು. ಈಗ ಕಾಲು ಕೆಜಿ, ಅರ್ಧ ಕೆಜಿ ರೇಟನ್ನು ಪಿನ್ ಮಾಡಿದ್ದೇನೆ.

ಎರಡು ವಿಷಯ ಗೊತ್ತಾಗುತ್ತಿಲ್ಲ. ನಾಲ್ಕೇ ರೀಲ್ಸ್ ನೋಡಿ ತೀರ್ಮಾನ ಮಾಡಬಹುದಾ, ಇಲ್ಲ ಇನ್ನೂ ಒಂದಷ್ಟು ಹಾಕಿ ನೋಡಬೇಕಾ? ಮೊದಲ ವರ್ಷ ಬಹುಮಾನದ ಆಸೆಗೆ ಬಂದ ಸುಮಾರು 500 ಫಾಲೋವರ್ಸ್ ಏನನ್ನೂ ನೋಡುವುದಿಲ್ಲ. ಅವರನ್ನು ತೆಗೆಯಲಾ, ಹಾಗೇ ಬಿಡಲಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.