ಯಂತ್ರ ಬರೆದಿರಬಹುದೆಂಬ ಅನುಮಾನವಿರುವ ಲೇಖನವನ್ನು ಏನು ಮಾಡುವುದು?

ಕೇಳಿದವರು: ಸಮಾಜವಿಜ್ಞಾನ ಪತ್ರಿಕೆಯೊಂದರ ಸಂಪಾದಕ

ಸ್ವಸಹಾಯ ಸಂಘಗಳ ಸಾಲ ಮರುಪಾವತಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಂಶೋಧನಾ ಲೇಖನ ಬಂದಿದೆ. ಕೋಷ್ಟಕಗಳ ವಿವರಣೆ ಹೆಜ್ಜೆಹೆಜ್ಜೆಗೂ ತೊಡರುತ್ತದೆ, ಸಾಹಿತ್ಯ ಸಮೀಕ್ಷೆ ಮಾತ್ರ ಎಲ್ಲೂ ತಡವರಿಸುವುದಿಲ್ಲ. ಎಐ ಬರಹ ಪತ್ತೆಹಚ್ಚುವ ಉಚಿತ ತಂತ್ರಾಂಶವೊಂದಕ್ಕೆ ಹಾಕಿದೆ, ಶೇ. 62ರಷ್ಟು ಯಂತ್ರದ್ದು ಎಂದಿತು. ತಿರಸ್ಕರಿಸಬಹುದೇ? ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.

ವಾಣಿಜ್ಯಶಾಸ್ತ್ರ ಪ್ರಾಧ್ಯಾಪಕ

ಯೋಚಿಸುವುದೇನಿದೆ ಸಾರ್? ಯುಜಿಸಿಯ 2018ರ ನಿಯಮದಲ್ಲಿ ಶೇ. 10 ದಾಟಿದರೇ ತಪ್ಪು, 60 ದಾಟಿದರೆ ಅತಿ ಗಂಭೀರ ಹಂತ. ವಾಪಸ್ ಕಳಿಸಿಬಿಡಿ. ಏನೇ ಮಾಡಿದರೂ ವಿಮರ್ಶಕರಿಗೆ ಕಳಿಸುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ, ಅವರ ಸಮಯ ವ್ಯರ್ಥವಾಗಬಾರದು.

ಕೃಷಿ ಅರ್ಥಶಾಸ್ತ್ರ ಪತ್ರಿಕೆಯ ಮಾಜಿ ಸಂಪಾದಕಿ

ವಿಮರ್ಶಕರ ಬಗ್ಗೆ ಪ್ರಾಧ್ಯಾಪಕರು ಹೇಳಿದ್ದು ಸರಿ. ಆದರೆ 2018ರ ನಿಯಮದ ಶೇಕಡಾವಾರು ಕೃತಿಚೌರ್ಯದ್ದು. ಅಲ್ಲಿ ಹೋಲಿಕೆ ಕಂಡರೆ ಮೂಲವನ್ನು ಪಕ್ಕದಲ್ಲಿಟ್ಟು ಓದಿ ನಿರ್ಧರಿಸಬಹುದು. ನಿಮ್ಮ 62ಕ್ಕೆ ತೋರಿಸಲು ಮೂಲವೇ ಇಲ್ಲ, ಅದು ಬರೀ ಊಹೆ. ಓಪನ್‌ಎಐ ತಾನೇ ರೂಪಿಸಿದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಟೋಫೆಲ್ ಇಂಗ್ಲಿಷ್ ಪರೀಕ್ಷೆಯ ಪ್ರಬಂಧಗಳನ್ನು ಇಂಥ ಸಾಧನಗಳಿಗೆ ಕೊಟ್ಟು ನೋಡಿದಾಗ, ಅವು ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರದ್ದೆಂದು ತಪ್ಪಾಗಿ ಗುರುತಿಸಿದವು. ನಮಗೆ ಬರೆಯುವವರಲ್ಲಿ ಹೆಚ್ಚಿನವರು ಅಂಥವರೇ. ಇನ್ನೊಂದು ಮಾತು: ಅಪ್ರಕಟಿತ ಲೇಖನವನ್ನು ಉಚಿತ ಜಾಲತಾಣಕ್ಕೆ ಹಾಕಬೇಡಿ. ಲೇಖಕರು ಅದನ್ನು ನಿಮ್ಮನ್ನು ನಂಬಿ ಕಳಿಸಿದ್ದಾರೆ.

ನಾನು ಮೊದಲು ಹಿಡಿಯುವುದು ಉಲ್ಲೇಖಪಟ್ಟಿಯನ್ನು. ಹನಿ ನೀರಾವರಿ ಸಾಲದ ಬಗ್ಗೆ ಬಂದ ಲೇಖನವೊಂದರಲ್ಲಿ ನಿಮಗೆ ಬಂದಿರುವಂಥದ್ದೇ ಸಾಹಿತ್ಯ ಸಮೀಕ್ಷೆ ಇತ್ತು. ಒಂದು ಉಲ್ಲೇಖದಲ್ಲಿ ಲೇಖಕರ ಹೆಸರು ನಿಜ, ಪತ್ರಿಕೆ ನಿಜ, ಸಂಪುಟವೂ ವರ್ಷಕ್ಕೆ ಹೊಂದುತ್ತಿತ್ತು. ಪ್ರತಿ ಲೇಖನವನ್ನು ಜಾಲದಲ್ಲಿ ಗುರುತಿಸಲು ಕೊಡುವ ಡಿಒಐ ಸಂಖ್ಯೆಯನ್ನು `https://doi.org/` ನಂತರ ಸೇರಿಸಿ ತೆರೆದರೆ ಬಂದದ್ದು ಭತ್ತದ ಕಾಂಡಕೊರಕದ ಲೇಖನ. ಪತ್ರಿಕೆಯ ಆ ಸಂಚಿಕೆಯ ಪರಿವಿಡಿ ನೋಡಿದೆ, ಆ ಪುಟಗಳಲ್ಲಿ ಬೇರೆಯವರ ಬರಹವಿತ್ತು. ಯಂತ್ರ ಕಟ್ಟಿದ ಉಲ್ಲೇಖ ಹಲವು ಸಲ ಹೀಗೆಯೇ ಇರುತ್ತದೆ, ಬಿಡಿಭಾಗಗಳೆಲ್ಲ ನಿಜ, ಜೋಡಣೆ ಸುಳ್ಳು. ಆದರೆ ಹುಡುಕಿದಾಗ ಸಿಗಲಿಲ್ಲ ಎಂದಮಾತ್ರಕ್ಕೆ ಸುಳ್ಳೆನ್ನಬೇಡಿ. ನಮ್ಮ ಎಷ್ಟೋ ಪತ್ರಿಕೆಗಳಿಗೆ, ವಿಚಾರ ಸಂಕಿರಣದ ಸಂಪುಟಗಳಿಗೆ ಡಿಒಐ ಇಲ್ಲ. ಉಲ್ಲೇಖ ನಿಜವಾಗಿದ್ದರೂ ಅದನ್ನು ತೆರೆದು ಓದಿ. ಲೇಖಕರು ಹೇಳಿದ ಮಾತು ಅಲ್ಲಿ ಇಲ್ಲದಿರಬಹುದು.

ಆಮೇಲೆ ಪತ್ರ ಬರೆದೆ. ಅದರಲ್ಲಿ ಆರೋಪವಿರಲಿಲ್ಲ. "ಉಲ್ಲೇಖ 7, 12 ಮತ್ತು 19ರ ಮೊದಲ ಪುಟದ ಪ್ರತಿಯನ್ನು ಎರಡು ವಾರದೊಳಗೆ ಕಳಿಸಿ. ಬರವಣಿಗೆಗೆ, ಅನುವಾದಕ್ಕೆ ಅಥವಾ ವಿಶ್ಲೇಷಣೆಗೆ ಎಐ ಸಾಧನ ಬಳಸಿದ್ದರೆ ಯಾವುದನ್ನು, ಯಾವ ಭಾಗಕ್ಕೆ ಎಂದು ತಿಳಿಸಿ. ಕ್ಷೇತ್ರ ಸಮೀಕ್ಷೆಯ ಮೂಲ ದತ್ತಾಂಶವನ್ನೂ ಲಗತ್ತಿಸಿ." ಪತ್ರವನ್ನು ಎಲ್ಲ ಲೇಖಕರಿಗೂ ಕಳಿಸಿದೆ. ಸಹಲೇಖಕರಾದ ಮಾರ್ಗದರ್ಶಕರಿಗೆ ವಿಷಯವೇ ಗೊತ್ತಿಲ್ಲದಿರುವುದು ಅಪರೂಪವಲ್ಲ, ಇಲ್ಲಿಯೂ ಹಾಗೆಯೇ ಆಗಿತ್ತು. ದತ್ತಾಂಶ ಬಂತು, ಚೆನ್ನಾಗಿಯೇ ಇತ್ತು. ಆ ಮೂರು ಪುಟಗಳು ಬರಲಿಲ್ಲ. "ಇಲ್ಲದ ಕೃತಿಗಳನ್ನು ಉಲ್ಲೇಖಿಸಲಾಗಿದೆ" ಎಂಬ ಕಾರಣ ಕೊಟ್ಟು ತಿರಸ್ಕರಿಸಿದೆ. ಯಂತ್ರದ ಮಾತೆತ್ತಲಿಲ್ಲ, ಸಾಬೀತು ಮಾಡಬಲ್ಲ ಕಾರಣವೇ ಸಾಕಿತ್ತು. ಉಲ್ಲೇಖಗಳೆಲ್ಲ ನಿಜವಾಗಿದ್ದು, ಭಾಷೆ ತಿದ್ದಲು ಮಾತ್ರ ಬಳಸಿದ್ದೇವೆ ಎಂದಿದ್ದರೆ ಅದನ್ನು ಲೇಖನದಲ್ಲೇ ನಮೂದಿಸಲು ಹೇಳಿ ವಿಮರ್ಶೆಗೆ ಕಳಿಸುತ್ತಿದ್ದೆ. 2023ರ ಫೆಬ್ರವರಿಯಲ್ಲಿ ಪ್ರಕಟಣೆಯ ನೀತಿಗೆ ಸಂಬಂಧಿಸಿದ ಕೋಪ್ ಸಂಸ್ಥೆ ಹೇಳಿದ್ದೂ ಇದನ್ನೇ: ಸಾಧನ ಲೇಖಕನಾಗಲಾರದು, ಬಳಸಿದ್ದನ್ನು ತಿಳಿಸಬೇಕು, ಹೊಣೆಯೆಲ್ಲ ಲೇಖಕರದ್ದು.

ಕಾಲೇಜು ಅಧ್ಯಾಪಕಿ, ಕಲಬುರಗಿ

ನಾನು ಆ ಕಡೆ ನಿಂತವಳು. ತೊಗರಿ ಬೆಳೆಯುವ ಹಳ್ಳಿಗಳಲ್ಲಿ ಓಡಾಡಿ ಕನ್ನಡದಲ್ಲಿ ಬರೆದು, ಅನುವಾದ ತಂತ್ರಾಂಶದಿಂದ ಇಂಗ್ಲಿಷಿಗೆ ತಂದು ಕಳಿಸಿದ್ದೆ. ಸಂಪಾದಕರೊಬ್ಬರು ಅಂಕಿ ನೋಡಿ ಒಂದೇ ಸಾಲಿನಲ್ಲಿ ತಿರಸ್ಕರಿಸಿದರು. ಕನ್ನಡದ ಕರಡು, ಕ್ಷೇತ್ರಕಾರ್ಯದ ಟಿಪ್ಪಣಿ ಕಳಿಸುತ್ತೇನೆಂದರೂ ಕೇಳಲಿಲ್ಲ. ಅನುವಾದವನ್ನೂ ಘೋಷಿಸಬೇಕೆಂದು ಅವರ ಸೂಚನೆಗಳಲ್ಲಿ ಎಲ್ಲೂ ಇರಲಿಲ್ಲ. ಮೊದಲೇ ಹೇಳದ ನಿಯಮಕ್ಕೆ ಶಿಕ್ಷೆ ಕೊಡಬಹುದೇ ಮೇಡಂ?

ಮಾಜಿ ಸಂಪಾದಕಿ

ಕೊಡಬಾರದು. ನಿಮ್ಮ ಕರಡನ್ನು ಅವರು ನೋಡಲೇಬೇಕಿತ್ತು. ಅನುವಾದವನ್ನು ಒಂದು ಸಾಲಿನಲ್ಲಿ ಘೋಷಿಸಲಿ ಎಂಬುದು ನನ್ನ ನಿಲುವು.

ವಾಣಿಜ್ಯಶಾಸ್ತ್ರ ಪ್ರಾಧ್ಯಾಪಕ

ಹೋಲಿಕೆಯ ನಿಯಮ ಬೇರೆ ಎಂಬುದನ್ನು ಒಪ್ಪುತ್ತೇನೆ. ಅನುವಾದದ ವಿಷಯ ಒಪ್ಪುವುದಿಲ್ಲ. ಹಣ ಕೊಟ್ಟು ಮನುಷ್ಯರಿಂದ ಇಂಗ್ಲಿಷ್ ತಿದ್ದಿಸಿದವರನ್ನು ನಾವು ಯಾವತ್ತೂ ಕೇಳಿಲ್ಲ. ಕನ್ನಡದಲ್ಲಿ ಯೋಚಿಸುವವರನ್ನು ಮಾತ್ರ ಏಕೆ ಕೇಳಬೇಕು?

ಕೇಳಿದವರು

ಉಲ್ಲೇಖಗಳನ್ನು ಒಂದೊಂದಾಗಿ ತೆರೆದೆ. ಎರಡು ಎಲ್ಲೂ ಸಿಗುತ್ತಿಲ್ಲ. ಒಂದು ಧಾರವಾಡದ ವಿಚಾರ ಸಂಕಿರಣದ ಸಂಪುಟವಂತೆ. ಮುದ್ರಿತ ಪ್ರತಿ ಇದೆಯೇ ಎಂದು ಗ್ರಂಥಾಲಯಕ್ಕೆ ಫೋನ್ ಮಾಡಿದ್ದೇನೆ. ಇನ್ನೊಂದರ ಡಿಒಐ ಬೇರೆ ಲೇಖನಕ್ಕೆ ಹೋಗುತ್ತದೆ. ಮೂವರು ಲೇಖಕರಿಗೂ ಇಂದು ಪತ್ರ ಹೋಯಿತು. ನಮ್ಮ ಸೂಚನೆಗಳಲ್ಲೂ ಎಐ ಬಗ್ಗೆ ಒಂದಕ್ಷರವಿಲ್ಲ. ಮುಂದಿನ ಸಂಪಾದಕ ಮಂಡಳಿ ಸಭೆಗೆ ಕರಡು ಬರೆಯುತ್ತಿದ್ದೇನೆ, ಅನುವಾದದ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.